ನೂರರಿಂದಲ್ಲ, ಎಂಬತ್ತರಿಂದ ಭಾಗಿಸಿ

ನಮಸ್ಕಾರ. ಡೊಂಬಿವಲಿಯ ನಮ್ಮ ಮನೆಯ ಹೊರಕೋಣೆಯಿಂದ ಮಾತನಾಡುತ್ತಿದ್ದೇನೆ. ಹಿಂದೆ ಕಾಣುವ ಕಪಾಟಿನಲ್ಲಿ ಇರುವುದು ಇಳಕಲ್ ಸೀರೆಗಳು, ಕೆಳಗಿನ ಸಾಲಿನಲ್ಲಿ ಗುಳೇದಗುಡ್ಡದ ಖಣ. ಡೆಲಿವರಿ ಉಚಿತ ಎಂದು ಹಾಕಬೇಕೇ ಬೇಡವೇ ಎಂದು ನನ್ನಂತೆ ಮನೆಯಿಂದ ಮಾರುವ ಅನೇಕರು ಕೇಳುತ್ತಾರೆ. ನನ್ನ ಉತ್ತರ ಇದು: ಮೊದಲೇ ಹಣ ಕೊಡುವವರಿಗೆ ಉಚಿತವಾಗಿ ಕಳುಹಿಸಿ. ಕ್ಯಾಶ್ ಆನ್ ಡೆಲಿವರಿ ಕೇಳುವವರಿಂದ ಅದರ ಶುಲ್ಕವನ್ನು ಬೇರೆಯಾಗಿಯೇ ಪಡೆಯಿರಿ.

ಏಕೆಂದು ಹೇಳುತ್ತೇನೆ. ಒಂದು ಸೀರೆ ನನ್ನ ಕೈಗೆ 900 ರೂಪಾಯಿಗೆ ಬರುತ್ತದೆ. ಅರ್ಧ ಕೆಜಿಯ ಪಾರ್ಸೆಲ್ಲಿಗೆ ಕೊರಿಯರ್ 80 ರೂಪಾಯಿ, ಪ್ಯಾಕಿಂಗ್ 25. ಹಾಗಾದರೆ ಕಳುಹಿಸುವ ಖರ್ಚು 105 ಎಂದುಕೊಂಡು ಮೊದಲ ವರ್ಷ ಬೆಲೆ ಕಟ್ಟಿದೆ. ಮಾರಾಟ ಚೆನ್ನಾಗಿಯೇ ಆಯಿತು, ಗಲ್ಲೆಯಲ್ಲಿ ಮಾತ್ರ ಹಣ ಉಳಿಯಲಿಲ್ಲ.

ಸೋರಿಕೆ ಇದ್ದದ್ದು ವಾಪಸು ಬರುವ ಪಾರ್ಸೆಲ್ಲುಗಳಲ್ಲಿ. ಮನೆ ಬಾಗಿಲಿಗೆ ಹೋಗಿ, ಗ್ರಾಹಕರು ತೆಗೆದುಕೊಳ್ಳದೆ ಮರಳುವುದನ್ನು ಕೊರಿಯರಿನವರು ಆರ್‌ಟಿಒ ಎನ್ನುತ್ತಾರೆ. ನನ್ನ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ಲುಗಳಲ್ಲಿ ನೂರಕ್ಕೆ ಇಪ್ಪತ್ತು ಹೀಗೆ ಮರಳುತ್ತಿದ್ದವು. ಗೌರಿ ಹಬ್ಬಕ್ಕೆಂದು ತರಿಸಿದ ಸೀರೆ ಹಬ್ಬ ಕಳೆದು ತಲುಪಿದರೆ ಯಾರು ತೆಗೆದುಕೊಳ್ಳುತ್ತಾರೆ?

ಈಗ ಲೆಕ್ಕ ನೋಡಿ. ನೂರು ಪಾರ್ಸೆಲ್ ಕಳುಹಿಸಲು 8,000. ಇಪ್ಪತ್ತನ್ನು ಹಿಂದಕ್ಕೆ ತರಲು 1,600. ಪ್ಯಾಕಿಂಗಿಗೆ 2,500. ತಲುಪಿದ ಎಂಬತ್ತಕ್ಕೆ ಹಣ ವಸೂಲಿಯ ಶುಲ್ಕ ತಲಾ 40ರಂತೆ 3,200. ಮರಳಿದವುಗಳಲ್ಲಿ ಎರಡು ಸೀರೆಗೆ ಕಲೆಯಾಗಿ, ಅಗ್ಗಕ್ಕೆ ಕೊಟ್ಟು 800 ಹೋಯಿತು. ಒಟ್ಟು 16,100. ಇದನ್ನು ನೂರರಿಂದ ಭಾಗಿಸಿದರೆ ತಪ್ಪು. ಹಣ ಬಂದದ್ದು ಎಂಬತ್ತು ಮನೆಗಳಿಂದ ಮಾತ್ರ, ಆದ್ದರಿಂದ ಎಂಬತ್ತರಿಂದಲೇ ಭಾಗಿಸಬೇಕು. ತಲಾ 201 ರೂಪಾಯಿ. ನಾನು ಅಂದುಕೊಂಡಿದ್ದ 105ರ ಹತ್ತಿರ ಹತ್ತಿರ ಎರಡು ಪಟ್ಟು.

ಮೊದಲೇ ಹಣ ಕೊಟ್ಟವರ ಪಾರ್ಸೆಲ್ಲುಗಳಲ್ಲಿ ನೂರಕ್ಕೆ ಎರಡು ಮರಳುತ್ತವೆ. ಅಲ್ಲಿ ಆನ್‌ಲೈನ್ ಪಾವತಿಯ ಶುಲ್ಕವನ್ನು ಸೇರಿಸಿದರೂ ಸುಮಾರು 140ಕ್ಕೆ ನಿಲ್ಲುತ್ತದೆ. ಇಬ್ಬರಿಗೂ ಒಂದೇ ಉಚಿತ ಬೆಲೆ ಇಟ್ಟರೆ, ನಂಬಿ ಮುಂಗಡ ಕೊಟ್ಟವರು ಬಾಗಿಲಲ್ಲಿ ಬೇಡವೆಂದವರ ಖರ್ಚನ್ನು ಹೊರಬೇಕಾಗುತ್ತದೆ. ಅದು ನನಗೆ ನ್ಯಾಯವೆನಿಸುವುದಿಲ್ಲ. ನಡುವಿನ 60 ರೂಪಾಯಿಯನ್ನು ಕ್ಯಾಶ್ ಆನ್ ಡೆಲಿವರಿ ಶುಲ್ಕವೆಂದು ಈಗ ಬಹಿರಂಗವಾಗಿಯೇ ಬರೆದಿದ್ದೇನೆ.

ಇನ್ನು ಲಾಭ. ಮಾರುವ ಬೆಲೆಯಲ್ಲಿ ನೂರಕ್ಕೆ 25 ನನಗೆ ಉಳಿಯಬೇಕು. 900ಕ್ಕೆ 140 ಕೂಡಿಸಿದರೆ 1,040. ಇದರ ಮೇಲೆ 25 ಶೇಕಡಾ ಏರಿಸಿ 1,300 ಎಂದು ಬರೆದರೆ ಉಳಿಯುವುದು 260, ಅಂದರೆ ಮಾರಿದ ಬೆಲೆಯ ಇಪ್ಪತ್ತು ಶೇಕಡಾ ಮಾತ್ರ. 1,040ನ್ನು 0.75ರಿಂದ ಭಾಗಿಸಬೇಕು. 1,387 ಬರುತ್ತದೆ, ನಾನು 1,390 ಇಟ್ಟಿದ್ದೇನೆ. ಜಿಎಸ್‌ಟಿ ಇದರ ಮೇಲೆ ಬೇರೆ.

ಬೆಲೆ ಏರಿಸುವ ಮುನ್ನ ಒಮ್ಮೆ ಪೆಟ್ಟಿಗೆಯನ್ನು ಅಳೆಯಿರಿ. ನನ್ನ ಹಳೆಯ ರಟ್ಟಿನ ಪೆಟ್ಟಿಗೆ 30, 25, 8 ಸೆಂಟಿಮೀಟರ್. ಗುಣಿಸಿದರೆ 6,000. ಕೊರಿಯರಿನವರು ಅದನ್ನು 5,000ದಿಂದ ಭಾಗಿಸಿ 1.2 ಕೆಜಿ ಎಂದು ಲೆಕ್ಕ ಹಿಡಿಯುತ್ತಾರೆ. ತಕ್ಕಡಿಯ ತೂಕ, ಈ ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಅರ್ಧ ಕೆಜಿಯ ಹಂತಗಳಾದ್ದರಿಂದ ಒಂದೂವರೆ ಕೆಜಿಯ ಹಣ ಹೋಗುತ್ತಿತ್ತು. ಈಗ ಸೀರೆಯನ್ನು ಚಪ್ಪಟೆಯಾಗಿ ಮಡಚಿ ಪ್ಲಾಸ್ಟಿಕ್ ಕೊರಿಯರ್ ಚೀಲಕ್ಕೆ ಹಾಕುತ್ತೇನೆ, ತಕ್ಕಡಿ 490 ಗ್ರಾಂ ತೋರಿಸುತ್ತದೆ. 80 ರೂಪಾಯಿ ದರ ಸಿಕ್ಕಿದ್ದೇ ಆ ಚೀಲದಿಂದ.

ಖಣದ ಕುಪ್ಪಸದ ಬಟ್ಟೆಗೆ ಮಾತ್ರ ಉಚಿತ ಡೆಲಿವರಿ ಒಗ್ಗುವುದಿಲ್ಲ. 150ರ ಬಟ್ಟೆಗೆ ಸಾಗಣೆ ಸೇರಿಸಿ ಬೆಲೆ ಕಟ್ಟಿದರೆ 390ರ ಹತ್ತಿರ ಹೋಗುತ್ತದೆ. ದಾದರಿನ ಅಂಗಡಿಗಳಲ್ಲಿ ಬೆಲೆ ಕೇಳಿ ಬಂದವರು ಅದನ್ನು ಕೊಳ್ಳುವುದಿಲ್ಲ. ಅದಕ್ಕೆ ಡೆಲಿವರಿ ಬೇರೆ. ಸೀರೆಯ ಜೊತೆ ತರಿಸಿದರೆ ಬೇರೆ ಶುಲ್ಕವಿಲ್ಲ.

ಒಂದು ಎಚ್ಚರಿಕೆ. ಮರಳಿದ ಪಾರ್ಸೆಲ್ ಕೈಸೇರಲು ಕೆಲವೊಮ್ಮೆ ಮೂರು ವಾರ ಹಿಡಿಯುತ್ತದೆ. ಆಗಸ್ಟಿನ ಲೆಕ್ಕವನ್ನು ಆಗಸ್ಟ್ 31ಕ್ಕೇ ಮುಗಿಸಿದರೆ ಎಲ್ಲವೂ ತಲುಪಿದಂತೆಯೇ ಕಾಣುತ್ತದೆ. ಕಳುಹಿಸಿದ ತಿಂಗಳ ಹೆಸರಿನಲ್ಲಿಯೇ ಪಟ್ಟಿ ಇಟ್ಟುಕೊಂಡು, ಮುಂದಿನ ತಿಂಗಳ ಕೊನೆಗೆ ಎಣಿಸಿ.

ನಮ್ಮ ಕಟ್ಟಡದ ಅಕ್ಕಂದಿರು ಮನೆಗೇ ಬಂದು ಸೀರೆ ಆರಿಸುತ್ತಾರೆ. 1,390ರಲ್ಲಿ ಕೊರಿಯರಿನ ಹಣವೂ ಸೇರಿದೆಯಲ್ಲ, ಅವರಿಗೆ ಅದೇ ಸೀರೆ 1,200.