ಟೀ ಪೊಟ್ಟಣದ ಹೊರಮೈ ಓದುವುದು ಹೇಗೆ

ಕೇಳುಗರಿಗೆ ನಮಸ್ಕಾರ.

ನೀವು ಒಂದು ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದೀರಿ ಅಂದುಕೊಳ್ಳಿ. ಯಾವಾಗಲೂ ಮಾಲು ತರುವ ಏಜೆನ್ಸಿಯವರು ಈ ವಾರ ಬರಲಿಲ್ಲ. ಬೇರೆ ಯಾರೋ ಆಟೋದಲ್ಲಿ ಒಂದು ರಟ್ಟಿನ ಪೆಟ್ಟಿಗೆ ತಂದು ಇಳಿಸಿದರು. ಒಳಗೆ ಒಳ್ಳೆ ಹೆಸರಿರುವ ಟೀ ಪುಡಿ, 250 ಗ್ರಾಂನ 40 ಪೊಟ್ಟಣ, ಒಟ್ಟು 10 ಕಿಲೋ. ಬೆಲೆಯೂ ಸ್ವಲ್ಪ ಕಡಿಮೆ. ಇದು ಕಂಪನಿಯಿಂದಲೇ ಬಂದದ್ದೋ, ಯಾರೋ ಶೆಡ್ಡಿನಲ್ಲಿ ತುಂಬಿಸಿದ್ದೋ? ಪೊಟ್ಟಣ ಒಡೆಯುವ ಮೊದಲೇ ಇದನ್ನು ತಕ್ಕಮಟ್ಟಿಗೆ ಹೇಳಬಹುದು. ನಾನು ಪ್ಯಾಕಿಂಗ್ ಕೆಲಸದಲ್ಲಿ ಇದ್ದವನು. ಆ ಕಣ್ಣಿನಿಂದ ಈ ಒಂದು ಪೆಟ್ಟಿಗೆಯನ್ನು ನೋಡೋಣ.

ಮೊದಲು ಮೇಲಿನ ಟೇಪು. ಕಾರ್ಖಾನೆಯಲ್ಲಿ ಟೇಪು ಹಚ್ಚುವುದು ಸಾಮಾನ್ಯವಾಗಿ ಯಂತ್ರ. ಹಾಗಾಗಿ ಟೇಪು ನಡುಗೆರೆಯ ಮೇಲೆ ನೆಟ್ಟಗೆ ಕೂರುತ್ತದೆ. ಎರಡೂ ಬದಿಗೆ ಇಳಿದ ತುದಿಗಳ ಉದ್ದ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಕೈಯಲ್ಲಿ ಹಚ್ಚಿದ್ದು ಸ್ವಲ್ಪ ಓರೆಯಾಗುತ್ತದೆ, ಸುಕ್ಕಾಗುತ್ತದೆ. ಆಮೇಲೆ ಟೇಪಿನ ಕೆಳಗೆ ನೋಡಿ. ಒಮ್ಮೆ ಹಚ್ಚಿದ ಟೇಪನ್ನು ಕಿತ್ತರೆ ರಟ್ಟಿನ ಮೇಲಿನ ಕಾಗದದ ಪದರವೂ ಅದರ ಜೊತೆ ಏಳುತ್ತದೆ. ಅದರ ಮೇಲೆ ಹೊಸ ಟೇಪು ಎಳೆದರೆ ಒಳಗೆ ಒರಟು ಕಲೆ ಕಾಣುತ್ತದೆ. ಕೀಳದೆ ಬ್ಲೇಡಿನಲ್ಲಿ ಸೀಳಿದ್ದರೆ, ಹಳೆ ಟೇಪಿನ ಎರಡು ಪಟ್ಟಿಗಳು ಹೊಸದರ ಅಡಿಯಲ್ಲೇ ಉಳಿದಿರುತ್ತವೆ. ಬೆರಳು ಎಳೆದರೆ ಆ ಅಂಚು ತಗಲುತ್ತದೆ.

ಇದಿಷ್ಟರಿಂದಲೇ ಕಳ್ಳಮಾಲು ಅಂತ ತೀರ್ಮಾನಿಸಬೇಡಿ. ಸಗಟು ಅಂಗಡಿಯವರು ಅರ್ಧ ಪೆಟ್ಟಿಗೆ ಕೊಡಲು ತೆರೆದು ಮತ್ತೆ ಮುಚ್ಚುವುದು ದಿನನಿತ್ಯದ ಕೆಲಸ. ತೆರೆದದ್ದು ಯಾಕೆ ಎಂದು ಕೇಳಿ. ನೇರವಾದ ಉತ್ತರ ಬರದಿದ್ದರೆ ಒಳಗಿನ ಪೊಟ್ಟಣಗಳನ್ನು ಇನ್ನಷ್ಟು ಗಮನವಿಟ್ಟು ನೋಡಿ.

ಈಗ ಎರಡು ಪೊಟ್ಟಣ ಕೈಗೆ ತೆಗೆದುಕೊಳ್ಳಿ. ಒಂದಲ್ಲ, ಎರಡು. ಅಸಲಿ ಹೇಗಿತ್ತು ಎಂದು ನೆನಪಿನಿಂದ ಹೋಲಿಸಲು ಹೋದರೆ ಮೋಸ ಹೋಗುತ್ತೀರಿ. ಪೊಟ್ಟಣವನ್ನು ಪೊಟ್ಟಣದ ಜೊತೆಗೇ ಇಟ್ಟು ನೋಡಬೇಕು. ಸಾಧ್ಯವಾದರೆ ನಂಬಿಕೆಯ ಏಜೆನ್ಸಿಯಿಂದ ಬಂದ ಹಳೆ ಪೊಟ್ಟಣ ಒಂದನ್ನೂ ಪಕ್ಕದಲ್ಲಿಡಿ.

ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿ ಎತ್ತರ ನೋಡಿ. ಯಂತ್ರ ಕತ್ತರಿಸಿದ ಪೊಟ್ಟಣಗಳ ಎತ್ತರದಲ್ಲಿ ಒಂದೆರಡು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಬಾಯಿ ಕತ್ತರಿಸಿ, ಒಳಗಿನ ಪುಡಿ ಬದಲಿಸಿ, ಮತ್ತೆ ಬಿಸಿ ಅಂಟು ಹಾಕಿದ್ದರೆ ಪೊಟ್ಟಣ ಗಿಡ್ಡವಾಗುತ್ತದೆ. ಇನ್ನೊಂದು ಗುರುತೂ ಸಿಗುತ್ತದೆ. ಕಾರ್ಖಾನೆಯ ಯಂತ್ರ ಮೇಲಿನ ಮತ್ತು ಕೆಳಗಿನ ಅಂಟುಪಟ್ಟಿಯ ಮೇಲೆ ಸಾಮಾನ್ಯವಾಗಿ ಒಂದೇ ಬಗೆಯ ಗೀರು ಒತ್ತುತ್ತದೆ. ಸಣ್ಣ ಅಂಗಡಿಗಳ ಕೈ ಸೀಲರ್ ಒತ್ತುವ ಪಟ್ಟಿ ಕಿರಿದು, ಅದರ ಮಾದರಿಯೂ ಬೇರೆ. ಕೆಳಗೆ ಅಗಲ ಪಟ್ಟಿ, ಮೇಲೆ ಕಿರಿದಾದ ಪಟ್ಟಿ ಕಂಡರೆ ಆ ಬಾಯಿಯನ್ನು ಎರಡನೇ ಸಲ ಮುಚ್ಚಿರಬಹುದು.

ಮುಂದಿನದು ಮುದ್ರಣ. ಬಣ್ಣದ ಚಿತ್ರ ಮುದ್ರಿಸಲು ನೀಲಿ, ಕೆಂಪು, ಹಳದಿ, ಕಪ್ಪು ಬಣ್ಣಗಳನ್ನು ಒಂದರ ಮೇಲೊಂದು ಒತ್ತುತ್ತಾರೆ. ನಾಲ್ಕೂ ಸರಿಯಾಗಿ ಕೂರದಿದ್ದರೆ ಪ್ರೆಸ್ಸಿನವರು ರಿಜಿಸ್ಟರ್ ತಪ್ಪಿದೆ ಅನ್ನುತ್ತಾರೆ. ಆಗ ಅಕ್ಷರದ ಒಂದು ಬದಿಗೆ ತೆಳುವಾದ ಬಣ್ಣದ ನೆರಳು ಬೀಳುತ್ತದೆ. ಗಾಢ ಹಿನ್ನೆಲೆಯಲ್ಲಿ ಬಿಳಿಯಾಗಿ ಬಿಟ್ಟ ಸಣ್ಣ ಅಕ್ಷರಗಳಲ್ಲಿ ಇದು ಮೊದಲು ಗೊತ್ತಾಗುತ್ತದೆ, ಅಕ್ಷರದ ಹೊಟ್ಟೆ ತುಂಬಿಕೊಂಡುಬಿಡುತ್ತದೆ. ಆದರೆ ಅಸಲಿ ಪೊಟ್ಟಣದಲ್ಲೂ ಕೂದಲೆಳೆಯಷ್ಟು ತಪ್ಪುವುದುಂಟು. ಅದಕ್ಕೆ ನಾನು ಇನ್ನೊಂದು ಗುರುತನ್ನು ಹೆಚ್ಚು ನಂಬುತ್ತೇನೆ. ಅದು ಕಂಪನಿಯ ಮುಖ್ಯ ಬಣ್ಣ. ದೊಡ್ಡ ಬ್ರ್ಯಾಂಡುಗಳು ತಮ್ಮ ಕೆಂಪನ್ನೋ ಹಸಿರನ್ನೋ ಬೇರೆಯಾಗಿ ಕಲಸಿದ ಒಂದೇ ಶಾಯಿಯಲ್ಲಿ ಒತ್ತಿಸುವುದು ಸಾಮಾನ್ಯ. ಭೂತಗನ್ನಡಿಯಲ್ಲಿ ಅದು ತುಂಬು ಬಣ್ಣವಾಗಿ ಕಾಣುತ್ತದೆ. ನಕಲಿ ಮಾಡುವವನು ಅಸಲಿ ಪೊಟ್ಟಣವನ್ನು ಸ್ಕ್ಯಾನ್ ಮಾಡಿ ನಾಲ್ಕು ಬಣ್ಣದಲ್ಲಿ ಒತ್ತಿಸುತ್ತಾನೆ. ಆಗ ಅದೇ ಜಾಗದಲ್ಲಿ ಬಣ್ಣಬಣ್ಣದ ಚುಕ್ಕೆಗಳು ಕಾಣುತ್ತವೆ. ಕೆಲವು ಕಂಪನಿಗಳು ತಾವೇ ನಾಲ್ಕು ಬಣ್ಣದಲ್ಲಿ ಒತ್ತಿಸುತ್ತವೆ. ಹಳೆ ಪೊಟ್ಟಣ ಪಕ್ಕದಲ್ಲಿಡಿ ಎಂದು ಹೇಳಿದ್ದು ಅದಕ್ಕೇ.

ಇನ್ನು ಲಾಟ್ ಸಂಖ್ಯೆ, ಅಂದರೆ ಒಂದೇ ಸಲಕ್ಕೆ ತಯಾರಾದ ಮಾಲಿಗೆಲ್ಲ ಹಾಕುವ ಗುರುತಿನ ಸಂಖ್ಯೆ. ನನ್ನ ಮಟ್ಟಿಗೆ ನಕಲಿಯವನು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಚಿತ್ರವನ್ನು ಒಮ್ಮೆ ನಕಲು ಮಾಡಿದರೆ ಸಾಕು, ಲಾಟ್ ಮತ್ತು ತಾರೀಖು ಮಾತ್ರ ಬದಲಾಗುತ್ತಲೇ ಇರಬೇಕು. ಕಾರ್ಖಾನೆಯಲ್ಲಿ ಚಿತ್ರವಿರುವ ಫಿಲ್ಮು ಮೊದಲೇ ಮುದ್ರಣವಾಗಿ ಸುರುಳಿಯಾಗಿ ಬರುತ್ತದೆ. ಲಾಟ್, ತಾರೀಖು, ಬೆಲೆ ಬೀಳುವುದು ಪ್ಯಾಕಿಂಗ್ ಸಾಲಿನಲ್ಲಿ. ಇಂಕ್‌ಜೆಟ್ ಆದರೆ ಸಣ್ಣ ಸಣ್ಣ ಚುಕ್ಕೆಗಳ ಅಕ್ಷರ. ಪೊಟ್ಟಣದಿಂದ ಪೊಟ್ಟಣಕ್ಕೆ ಅದು ಕೂರುವ ಜಾಗ ಚೂರು ಅತ್ತಿತ್ತ ಆಗುತ್ತದೆ. ಗಂಟೆ, ನಿಮಿಷ ಕೂಡ ಹಾಕುವ ಕಂಪನಿಗಳಲ್ಲಿ ಆ ಸಮಯ ಮುಂದಕ್ಕೆ ಹೋಗುತ್ತಿರುತ್ತದೆ. ನಕಲಿಯವನು ಕೆಲವೊಮ್ಮೆ ಲಾಟನ್ನೂ ಚಿತ್ರದ ಜೊತೆಗೇ ಒತ್ತಿಸಿಬಿಡುತ್ತಾನೆ. ಆಗ 40 ಪೊಟ್ಟಣದಲ್ಲೂ ಅದೇ ನಿಮಿಷ, ಅದೇ ಜಾಗ. ತಿಂಗಳ ನಂತರ ಬಂದ ಪೆಟ್ಟಿಗೆಯಲ್ಲೂ ಅದೇ ಲಾಟ್! ಚಿತ್ರ ಎಲ್ಲದರಲ್ಲೂ ಒಂದೇ ಇರಬೇಕು, ಲಾಟ್ ಕೂರುವ ಜಾಗ ಸ್ವಲ್ಪ ಆಡಬೇಕು. ನಕಲಿಯಲ್ಲಿ ಎಷ್ಟೋ ಸಲ ಇದು ಉಲ್ಟಾ ಇರುತ್ತದೆ.

ಪೆಟ್ಟಿಗೆಯ ಮೇಲಿನ ಲಾಟ್ ಒಳಗಿನದಕ್ಕೆ ಹೊಂದುತ್ತದೆಯೇ ನೋಡಿ. ಒಂದು ಪೆಟ್ಟಿಗೆಯಲ್ಲಿ ನಾಲ್ಕೈದು ಬೇರೆ ಬೇರೆ ಲಾಟ್ ಇದ್ದರೆ, ಅದನ್ನು ಅಲ್ಲಿಲ್ಲಿಂದ ಕೂಡಿಸಿ ತುಂಬಿದ್ದಾರೆ. ಅವಧಿ ಮೀರಿದ ಮಾಲಿಗೆ ಹೊಸ ತಾರೀಖು ಹಾಕುವವರೂ ಇದ್ದಾರೆ. ಇಂಕ್‌ಜೆಟ್ ಶಾಯಿ ಥಿನ್ನರಿನಲ್ಲಿ ಅಳಿಸಿಹೋಗುತ್ತದೆ. ಪೊಟ್ಟಣವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಳಿಸಿದ ಜಾಗದ ಹೊಳಪು ಸತ್ತಿರುತ್ತದೆ, ಹಳೆ ಚುಕ್ಕೆಗಳ ನೆರಳೂ ಉಳಿದಿರಬಹುದು.

ಬೆಲೆ ತಿದ್ದಿದವರನ್ನು ಹಿಡಿಯಲು ಸುಮ್ನೆ ಒಂದು ಭಾಗಾಕಾರ ಸಾಕು. ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ಒಂದು ಗ್ರಾಂನ ಬೆಲೆಯೂ ಇರುತ್ತದೆ. 250 ಗ್ರಾಂಗೆ 150 ರೂಪಾಯಿ ಎಂದರೆ ಗ್ರಾಂಗೆ 60 ಪೈಸೆ. ಎಂಆರ್‌ಪಿಯನ್ನು 170 ಮಾಡಿ ಗ್ರಾಂ ಬೆಲೆಯನ್ನು 60 ಪೈಸೆಯಲ್ಲೇ ಬಿಟ್ಟಿದ್ದರೆ ಲೆಕ್ಕ ಕೂಡುವುದಿಲ್ಲ, ಅಲ್ವಾ? 68 ಪೈಸೆ ಆಗಬೇಕಿತ್ತು. ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಸರಿಯಾಗಿದೆ ಎಂಬುದು ಮಾತ್ರ ದೊಡ್ಡ ಸಾಕ್ಷಿ ಅಲ್ಲ, ಅಸಲಿಯಿಂದ ಅದನ್ನೂ ನಕಲು ಮಾಡಿರುತ್ತಾರೆ.

ಕಾಫಿ ಪುಡಿಗೂ ಇದೇ ಪರೀಕ್ಷೆ, ಆದರೆ ಅಲ್ಲಿ ಚಿಕೋರಿಯ ಪ್ರಮಾಣವನ್ನೂ ಓದಬೇಕು. ಚಿಕೋರಿ ಬೆರೆಸುವುದು ತಪ್ಪಲ್ಲ. ಶೇಕಡಾ ಎಷ್ಟು ಎಂದು ಬರೆದಿರಬೇಕು, ಕಾಫಿ ಕನಿಷ್ಠ 51 ಇರಬೇಕು. ತಣ್ಣೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಎಳೆಯುತ್ತಾ ಮುಳುಗುತ್ತದೆ. ಬೆರೆಸಿದೆಯೋ ಇಲ್ಲವೋ ಅಷ್ಟೇ ಇದರಿಂದ ಗೊತ್ತಾಗುವುದು, ಎಷ್ಟು ಅಂತ ಗೊತ್ತಾಗುವುದಿಲ್ಲ. ಟೀ ಪುಡಿಯನ್ನು ಫಿಲ್ಟರ್ ಕಾಗದದ ಮೇಲೆ ಹರಡಿ ನೀರು ಚಿಮುಕಿಸಿ. ಪುಡಿ ತೆಗೆದು ಕಾಗದ ತೊಳೆದ ಮೇಲೂ ಕಪ್ಪುಕಂದು ಕಲೆ ಗಾಢವಾಗಿ ನಿಂತಿದ್ದರೆ ಬಣ್ಣ ಹಾಕಿದ್ದಾರೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಅನುಮಾನ ಬಂದ ಪೆಟ್ಟಿಗೆಯನ್ನು ಮಾರಬೇಡಿ, ಕೋಪದಲ್ಲಿ ಹಿಂದಕ್ಕೂ ಕಳಿಸಬೇಡಿ. ಟೇಪು ಸಮೇತ ಪೆಟ್ಟಿಗೆ, ಒಡೆಯದ ಪೊಟ್ಟಣಗಳು, ಬಿಲ್ಲು, ಎಲ್ಲವನ್ನೂ ಒಟ್ಟಿಗೆ ತೆಗೆದಿಡಿ. ಲಾಟ್ ಕಾಣುವಂತೆ ಫೋಟೋ ತೆಗೆಯಿರಿ. ಕಂಪನಿಗೆ ಫೋನ್ ಮಾಡುವುದಾದರೆ ಈ ಪೊಟ್ಟಣದ ಮೇಲಿನ ಸಂಖ್ಯೆ ಬೇಡ, ಹಳೆ ಪೊಟ್ಟಣದ ಮೇಲಿನದ್ದು ತೆಗೆದುಕೊಳ್ಳಿ. ಲಾಟ್ ಹೇಳಿದರೆ ಅದು ತಮ್ಮದೋ ಅಲ್ಲವೋ ಎಂದು ಅವರು ಹುಡುಕಿ ಹೇಳಬಲ್ಲರು. ನಿಮ್ಮ ಊರಿನ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಮನೆಗೆ ಒಂದೇ ಪೊಟ್ಟಣ ಕೊಂಡವರಿಗೂ ದಾರಿ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಮಾಲು ಕಾಯ್ದೆಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಆ ಶುಲ್ಕ ವಾಪಸ್ ಸಿಗುತ್ತದೆ. ಗ್ರಾಹಕರ ಸಹಾಯವಾಣಿಯ ಸಂಖ್ಯೆ 1915.