ಕಕ್ಷಿದಾರ ಒಪ್ಪಿಕೊಂಡ, ವಕೀಲ ಬಾಯಿ ಬಿಡಂಗಿಲ್ಲ

ನಮಸ್ಕಾರ ರಾಯಚೂರು! ಹೋದ ವಿಡಿಯೋ ಕೆಳಗ ಒಬ್ಬರು ಬರದಾರ: "ಆರೋಪಿ ತಪ್ಪು ಒಪ್ಪಿಕೊಂಡ್ರೂ ಸ್ಟೇಷನ್‌ಗೆ ಹೇಳದ ವಕೀಲನ್ನೂ ಒಳಗ ಹಾಕಬೇಕು." ಅಣ್ಣಾ, ವಕೀಲರ ಫೀಸಿನ ಮ್ಯಾಲ ಸಿಟ್ಟಿದ್ರ ಅದನ್ನ ಹೇಳು, ನಾನೂ ಕೂಡ್ತೀನಿ. ಇದು ಮಾತ್ರ ನಡಿಯಂಗಿಲ್ಲ.

ಸಿಂಧನೂರು ಕಡಿ ಒಬ್ಬಾತ ಅದಾನ ಅಂತ ಇಟ್ಕೊಳ್ರಿ. ಅಣ್ಣನ ಸಹಿ ತಾನೇ ಗೀಚಿ ಎರಡೆಕರೆ ಗದ್ದಿ ತನ್ನ ಹೆಸರಿಗೆ ಬರಸ್ಕೊಂಡಾನ. ಕೇಸಾಗ್ಯದ. ವಕೀಲರ ಮುಂದ ಕುಂತು, "ಸರ, ಸಹಿ ನಾನೇ ಹಾಕೀನ್ರಿ, ನನ್ನ ಕಡಿಂದ ನೀವು ನಿಲ್ರಿ" ಅಂತಾನ. ಆ ಮಾತು ಅವನ ಒಪ್ಪಿಗಿ ಇಲ್ದ ಹೊರಗ ಬರಂಗಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ, 132ನೇ ಕಲಂ. 1872ರ ಕಾಯ್ದೆದಾಗ ಇದೇ 126 ಇತ್ತು, 2024ರ ಜುಲೈ 1ರಿಂದ ನಂಬರ್ ಬದಲಾತು. ಕಲಂ ಕೆಳಗ ಉದಾಹರಣಿನೂ ಕೊಟ್ಟಾರ: ಖೋಟಾ ಮಾಡೀನಿ, ನನ್ನ ಪರ ವಾದಿಸ್ರಿ ಅಂದ್ರ ರಕ್ಷಣೆ ಅದ. ತಪ್ಪು ಮಾಡ್ಯಾನ ಅಂತ ಗೊತ್ತಿದ್ದವನ ಪರ ನಿಲ್ಲೋದು ಅಪರಾಧ ಅಲ್ಲ. ವಕಾಲತ್ತು ಮುಗದ ಮ್ಯಾಲೂ ಹೇಳಂಗಿಲ್ಲ. ಆಫೀಸಿನ ಗುಮಾಸ್ತನೂ ಹೇಳಂಗಿಲ್ಲ, ಚಾ ಅಂಗಡ್ಯಾಗಂತೂ ಬ್ಯಾಡೇ ಬ್ಯಾಡ.

ಈಗ ಅದೇ ಮನಷ್ಯಾ, "ಈ ಖೋಟಾ ಪತ್ರ ಇಟ್ಕೊಂಡೇ ಗದ್ದಿ ಸ್ವಾಧೀನಕ್ಕ ದಾವಾ ಹಾಕ್ರಿ" ಅಂದ ಅನ್ರಿ. ಇದಕ್ಕ ರಕ್ಷಣೆ ಇಲ್ಲ, ಯಾಕಂದ್ರ ಮುಂದ ಮಾಡೋ ಮೋಸಕ್ಕ ವಕೀಲರನ್ನ ಕರದಾನ. ವಕೀಲರಿಗೆ ಕೇಸ್ ಕೊಟ್ಟ ಮ್ಯಾಲ ಕಕ್ಷಿದಾರ ಮೋಸಕ್ಕಂತ ಲೆಕ್ಕದ ಪುಸ್ತಕದಾಗ ಹೊಸ ಸಾಲು ಸೇರಿಸಿದ್ದು ವಕೀಲರ ಕಣ್ಣಿಗೆ ಬಿತ್ತಂದ್ರ ಅದಕ್ಕೂ ಇಲ್ಲ. ಆಗಿ ಹೋದದ್ದು ಗುಟ್ಟು, ಮುಂದ ಆಗೋದು ಅಲ್ಲ. ಇಷ್ಟೇ ನನ್ನ ಮಾತು.

"ಹಂಗಾದ್ರ ವಕೀಲರು ಸುಳ್ಳು ಹೇಳ್ಬಹುದೇನ್ರಿ?" ಬಂತು ನೋಡ್ರಿ, ಬಂದೇ ಬರ್ತದಂತ ಗೊತ್ತಿತ್ತು! ಹೇಳಂಗಿಲ್ಲ. ಒಪ್ಪಿಕೊಂಡವನನ್ನ ಕಟಕಟಿಗೆ ಹತ್ತಿಸಿ "ಸಹಿ ನಂದಲ್ಲ" ಅನಸಂಗಿಲ್ಲ. ಕೈಬರಹ ತಜ್ಞರಿಗೆ ಪಾಟೀ ಸವಾಲು ಹಾಕಬಹುದು, "ಸರ್ಕಾರದವರು ಸಾಬೀತು ಮಾಡ್ಲಿ" ಅನ್ನಬಹುದು. ಸಾಬೀತು ಮಾಡೋ ಹೊಣಿ ಅವರದು, ಅದನ್ನ ಆರೋಪಿ ವಕೀಲರು ಹೊರಬೇಕಂದ್ರ ಸರ್ಕಾರಿ ವಕೀಲ ಸಾಹೇಬ್ರು ಯಾಕ ಅದಾರ, ಹವಾ ತಗೊಳ್ಳಾಕ?

ಮತ್ತ ಹೇಳ್ತೀನಿ, ಆಗಿ ಹೋದದ್ದು ಗುಟ್ಟು! ಬಾಯಿ ಬಿಟ್ಟ ವಕೀಲರ ಮ್ಯಾಲ ರಾಜ್ಯ ವಕೀಲರ ಪರಿಷತ್ತಿಗೆ ದೂರು ಹೋದ್ರ, ಸನ್ನದು ಅಮಾನತ್ತು ಆಗಬಹುದು. ಪೊಲೀಸರೂ ಸುಮ್ಮ ಸುಮ್ಮ ವಕೀಲರಿಗೆ ನೋಟಿಸ್ ಕಳಸಂಗಿಲ್ಲ. ಮ್ಯಾಲ ಹೇಳಿದಂಗ ರಕ್ಷಣೆ ಇಲ್ಲದ ಸಂಗತಿ ಇದ್ರ ಮಾತ್ರ, ಅದೂ ಎಸ್‌ಪಿ ದರ್ಜೆಗೆ ಕಡಿಮಿ ಇಲ್ಲದ ಅಧಿಕಾರಿ ಲಿಖಿತ ಒಪ್ಪಿಗಿ ಕೊಟ್ಟ ಮ್ಯಾಲ ಅಂತ ಸುಪ್ರೀಂ ಕೋರ್ಟ್ 2025ರಾಗ ಹೇಳ್ಯದ. ಇನ್ನೂ ಏನ್ರಿ? ಆಗಿ ಹೋದದ್ದು ಗುಟ್ಟು ಅಂದ್ರ ಗುಟ್ಟು, ಮುಗೀತು! ಈ ಬಿಸಿಲಾಗ ನನ್ನ ಗಂಟಲು ಹರೀತು, ನೀವು ಗಂಟಿ ಒತ್ತೋದೊಂದು ಬಾಕಿ. ಸಬ್‌ಸ್ಕ್ರೈಬ್ ಮಾಡ್ರಿ, ಮುಂದಿನ ವಾರ ಜಾಮೀನಿಗೆ ಪಹಣಿ ಕೊಡೋರ ಪಾಡು.