ಅಜ್ಜಿಯ ಕಷಾಯ ಮಸಿಯಾದ ದಿನ

ನೋಡಿ, ಇದು ಕಷಾಯ. ಹೌದು, ಕಷಾಯನೇ. ಬಣ್ಣ ನೋಡಿದರೆ ಪೆನ್ನಿಗೆ ತುಂಬಿಕೊಂಡು ಪರೀಕ್ಷೆ ಬರೆಯಬಹುದು ಅನಿಸುತ್ತೆ, ಅಲ್ವಾ? ಮಾಡಿದ್ದು ನಾನೇ. ಅದೂ ಬಿ.ಫಾರ್ಮಾ ಓದಿರುವ ನಾನು.

ನಮಸ್ಕಾರ. ಕೊರಟಗೆರೆ ಹತ್ತಿರ ನಮ್ಮ ಅಜ್ಜಿ ಮನೆಯಲ್ಲಿದ್ದೀನಿ. ಆ ಕಡೆ ದೂರದಲ್ಲಿ ಕಾಣ್ತಿರೋದು ಸಿದ್ದರಬೆಟ್ಟ. ಗಿಡಮೂಲಿಕೆಗೆ ಹೆಸರಾದ ಬೆಟ್ಟ. ನನಗೆ ನಾಲ್ಕು ದಿನದಿಂದ ಕೆಮ್ಮು. ತುಮಕೂರಿನ ಮೆಡಿಕಲ್ ಶಾಪಲ್ಲಿ ದಿನವೆಲ್ಲಾ ಕೆಮ್ಮಿನ ಸಿರಪ್ ಕೊಡೋನು ನಾನು, ಇಲ್ಲಿಗೆ ಬಂದರೆ ಅಜ್ಜಿ ಬೇಲಿ ಕಡೆ ಕೈ ತೋರಿಸ್ತಾಳೆ. "ಆಡುಸೋಗೆ ಐತಲ್ಲ, ಕಿತ್ಕಂಡು ಬಾ."

ಕಿತ್ತುಕೊಂಡು ಬಂದೆ. ಅಲ್ಲಿಗೆ ಸುಮ್ನೆ ಇರಬೇಕಿತ್ತು. ಗಂಟಲು ಕೆರೆತಕ್ಕೆ ಇರಲಿ ಅಂತ ಒಣಗಿಸಿಟ್ಟ ದಾಳಿಂಬೆ ಸಿಪ್ಪೆ ಹಾಕಿದೆ. ಘಮಕ್ಕೆ ಮಜ್ಜಿಗೆ ಹುಲ್ಲು ಹಾಕಿದೆ. ಎಲ್ಲವನ್ನೂ ಕಬ್ಬಿಣದ ಬಾಂಡ್ಲಿಗೆ ಸುರಿದು, ಮುಚ್ಚದೆ, ಮುಕ್ಕಾಲು ಗಂಟೆ ಕುದಿಸಿದೆ. ಅಜ್ಜಿ ಬಂದು ಬಗ್ಗಿ ನೋಡಿದಳು. "ಏನ್ಲಾ ಇದು, ಮಸಿ ಕಾಯಿಸಿದ್ಯಾ?"

ಅಜ್ಜಿ ತಮಾಷೆಗೆ ಹೇಳಿದ್ದು. ಆದರೆ ಅದು ನಿಜವಾಗ್ಲೂ ಮಸಿನೇ.

ದಾಳಿಂಬೆ ಸಿಪ್ಪೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡರೆ ನಾಲಿಗೆ ಒಣಗಿದ ಹಾಗೆ, ಹಿಡಿದ ಹಾಗೆ ಆಗುತ್ತೆ. ಒಗರು ಅಂತೀವಲ್ಲ, ಅದು ಸಿಪ್ಪೆಯಲ್ಲಿರೋ ಟ್ಯಾನಿನ್ ಅನ್ನೋ ವಸ್ತು ಮಾಡೋ ಕೆಲಸ. ಟ್ಯಾನಿನ್‌ಗೆ ಪ್ರೋಟೀನ್ ಕಂಡರೆ ಬಿಡೋದಿಲ್ಲ, ಹಿಡಿದುಕೊಂಡು ಗಂಟು ಕಟ್ಟುತ್ತೆ. ನಮ್ಮ ಜೊಲ್ಲಲ್ಲಿ ಜಾರುವ ಗುಣದ ಪ್ರೋಟೀನ್ ಇದೆ. ಅದು ಗಂಟು ಕಟ್ಟಿದ ತಕ್ಷಣ ಬಾಯಿ ತರಿತರಿ. ಚರ್ಮ ಹದ ಮಾಡೋದರಲ್ಲೂ ನಡೆಯೋದು ಇದೇ. ಈ ಬಂಡೆ ಪಕ್ಕ ಹಳದಿ ಹೂ ಬಿಟ್ಟಿರೋದು ತಂಗಡಿ ಗಿಡ. ಇದರ ತೊಗಟೆಯಲ್ಲೇ ನಮ್ಮ ಕಡೆ ಹಿಂದೆ ಚರ್ಮ ಹದ ಮಾಡ್ತಿದ್ದರು.

ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆ ನೀರು ಕೊಡೋದೂ ಇದಕ್ಕೇ. ಕರುಳಿನ ಒಳಮೈ ಮೇಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದು ತೆಳುವಾದ ಪದರ ಮಾಡುತ್ತೆ, ನೀರು ಒಸರೋದು ಕಮ್ಮಿ ಆಗುತ್ತೆ. ಗಂಟಲಿಗೆ ಮುಕ್ಕಳಿಸಿದರೂ ಹಾಗೇ. ಗಮನಿಸಿ, ಕೆಲಸವೆಲ್ಲಾ ತಾಗಿದ ಜಾಗದಲ್ಲೇ. ರಕ್ತಕ್ಕೆ ಸೇರಿ ಮೈಯೆಲ್ಲಾ ಸುತ್ತಿ ಮಾಡೋ ಕೆಲಸ ಅಲ್ಲ.

ಕಪ್ಪಾಗಿದ್ದು ಯಾಕೆ? ಟ್ಯಾನಿನ್ ಕಬ್ಬಿಣವನ್ನೂ ಹಿಡಿಯುತ್ತೆ. ಕಬ್ಬಿಣದ ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗಲ್ವಾ, ಅದೇ. ಅಳಲೆಕಾಯಿ ರಸಕ್ಕೆ ಅನ್ನಭೇದಿ ಹಾಕಿ ಮಸಿ ಮಾಡ್ತಿದ್ದರು. ಅನ್ನಭೇದಿ ಅಂದರೆ ಕಬ್ಬಿಣದ ಲವಣ. ನಾನು ಬಾಂಡ್ಲಿಯಿಂದಲೇ ಕಬ್ಬಿಣ ಕೊಟ್ಟೆ, ಅಷ್ಟೇ ವ್ಯತ್ಯಾಸ. ಅಂಗಡಿಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುವಾಗ "ಟೀ ಜೊತೆ ತಗೋಬೇಡಿ, ಒಂದೆರಡು ಗಂಟೆ ಬಿಡಿ" ಅಂತ ಹೇಳೋದು ಇದಕ್ಕೇ. ಟೀಯಲ್ಲೂ ಟ್ಯಾನಿನ್ ಇದೆ. ಬಾಂಡ್ಲಿಯಲ್ಲಿ ಆದದ್ದು ಹೊಟ್ಟೆಯಲ್ಲಿ ಆದರೆ ಮಾತ್ರೆಯ ಕಬ್ಬಿಣ ಮೈಗೆ ಹತ್ತಲ್ಲ.

ಬಣ್ಣ ಹೋಗಲಿ ಬಿಡಿ, ನನಗೆ ಬೇಜಾರಾಗಿದ್ದು ಆಡುಸೋಗೆ ಬಗ್ಗೆ.

ಎಲೆ ಹತ್ತಿರದಿಂದ ತೋರಿಸ್ತೀನಿ. ಅಂಗೈಗಿಂತ ಉದ್ದ, ಎರಡೂ ತುದಿ ಚೂಪು. ಉಜ್ಜಿದರೆ ಹಸಿ ವಾಸನೆ ಮೂಗಿಗೆ ಹೊಡೆಯುತ್ತೆ, ಯಾರೂ ಮೆಚ್ಚೋ ವಾಸನೆ ಅಲ್ಲ. ಮೇಕೆ ಬಾಯಿ ಹಾಕಲ್ಲ ಅಂತಲೇ ಬೇಲಿಗೆ ನೆಡೋದು. ಇದರಲ್ಲಿರೋ ಮುಖ್ಯ ವಸ್ತು ವ್ಯಾಸಿಸಿನ್. ಇದು ಆಲ್ಕಲಾಯ್ಡ್. ಹೆಸರು ಉದ್ದ ಅಂತ ಹೆದರಬೇಡಿ. ಸಾರಜನಕ ಇರುವ, ಕ್ಷಾರದ ಗುಣ ಇರುವ ಗಿಡದ ವಸ್ತು ಅಂತ ತಿಳಿದುಕೊಂಡರೆ ಸಾಕು. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್ ಎಲ್ಲಾ ಇದೇ ಗುಂಪು.

ವ್ಯಾಸಿಸಿನ್ ಶ್ವಾಸನಾಳ ಸಡಿಲ ಮಾಡುತ್ತೆ, ಅಂಟಿಕೊಂಡ ಕಫ ತೆಳುವಾಗಲು ನೆರವಾಗುತ್ತೆ. ಇದರ ರಚನೆಯನ್ನೇ ಮಾದರಿಯಾಗಿ ಇಟ್ಟುಕೊಂಡು, ಒಂದಿಷ್ಟು ಬದಲಾಯಿಸಿ ಮಾಡಿದ ಔಷಧಿ ಬ್ರೋಮ್‌ಹೆಕ್ಸಿನ್. 1960ರ ದಶಕದಿಂದ ಬಳಕೆಯಲ್ಲಿದೆ. ಬ್ರೋಮ್‌ಹೆಕ್ಸಿನ್ ನಮ್ಮ ಮೈಯಲ್ಲಿ ಬದಲಾಗಿ ಆಗೋದು ಆಂಬ್ರಾಕ್ಸಾಲ್. ನಿಮ್ಮ ಮನೆ ಸಿರಪ್ ಬಾಟಲಿ ತಿರುಗಿಸಿ ನೋಡಿ, ಎರಡರಲ್ಲಿ ಒಂದರ ಹೆಸರು ಇರೋ ಸಾಧ್ಯತೆ ಜಾಸ್ತಿ. ಅಂದರೆ ನಾನು ಕೌಂಟರ್ ಮೇಲೆ ಇಡೋದಕ್ಕೂ ಅಜ್ಜಿ ಕೈ ತೋರಿಸಿದ್ದಕ್ಕೂ ನೆಂಟಸ್ತನ ಇದೆ.

ಈಗ ನನ್ನ ತಪ್ಪು. ಟ್ಯಾನಿನ್ ಪ್ರೋಟೀನನ್ನ ಮಾತ್ರ ಅಲ್ಲ, ಆಲ್ಕಲಾಯ್ಡನ್ನೂ ಹಿಡಿದು ಕೆಳಗೆ ಕೂರಿಸುತ್ತೆ. ಹಿಂದೆ ಆಲ್ಕಲಾಯ್ಡ್ ವಿಷ ಕುಡಿದವರಿಗೆ ಗಟ್ಟಿ ಟೀ ಕುಡಿಸ್ತಿದ್ದದ್ದು ಇದೇ ಲೆಕ್ಕದ ಮೇಲೆ. ನಾನು ವಿಷಕ್ಕೆ ಮಾಡೋ ಉಪಚಾರವನ್ನು ನನ್ನ ಔಷಧಿಗೇ ಮಾಡಿಬಿಟ್ಟಿದ್ದೆ.

ಎರಡು ಗಾಜಿನ ಲೋಟ ತಗೊಂಡಿದ್ದೀನಿ. ಒಂದರಲ್ಲಿ ಬಟ್ಟೆಯಲ್ಲಿ ಸೋಸಿದ ಆಡುಸೋಗೆ ನೀರು, ತಿಳಿಯಾಗಿದೆ. ಇನ್ನೊಂದರಲ್ಲಿ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದ ದಾಳಿಂಬೆ ಸಿಪ್ಪೆ ನೀರು. ಅದೂ ತಿಳಿ. ಸಿಪ್ಪೆ ನೀರನ್ನ ಆಡುಸೋಗೆ ನೀರಿಗೆ ಒಂದು ಚಮಚ ಹಾಕ್ತೀನಿ. ನೋಡಿ, ಕದಡಿತು. ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ಗಸಿ. ಹಾಗಂತ ಇಷ್ಟೂ ಗಸಿ ವ್ಯಾಸಿಸಿನ್ ಅಂದುಕೊಳ್ಳಬೇಡಿ. ಎಲೆಯ ಪ್ರೋಟೀನೂ ಇದರಲ್ಲಿ ಸೇರಿದೆ. ಲ್ಯಾಬಲ್ಲಿ ಆಲ್ಕಲಾಯ್ಡ್ ನೋಡೋಕೆ ಬೇರೆ ದಾರಿ ಇದೆ. ಎಲೆಯನ್ನು ಸ್ವಲ್ಪ ಆಮ್ಲ ಹಾಕಿದ ನೀರಲ್ಲಿ ಕಾಯಿಸಿ ಸೋಸಿ, ಡ್ರಾಗೆಂಡಾರ್ಫ್ ದ್ರಾವಣ ಹನಿಸಿದರೆ ಕಿತ್ತಳೆ ಬಣ್ಣದ ಗಸಿ ಬರುತ್ತೆ. ಅಡುಗೆಮನೆಯಲ್ಲಿ ಅಷ್ಟೆಲ್ಲಾ ಆಗಲ್ಲ.

ಟ್ಯಾನಿನ್ ಆಲ್ಕಲಾಯ್ಡನ್ನು ಹಿಡಿಯೋದು ಯಾವಾಗಲೂ ನಷ್ಟ ಅಂತಲ್ಲ. ಇದೇ ದಾಳಿಂಬೆಯ ಬೇರಿನ ತೊಗಟೆಯಲ್ಲಿ ಪೆಲ್ಲೆಟಿಯರಿನ್ ಅನ್ನೋ ಆಲ್ಕಲಾಯ್ಡ್ ಇದೆ. ಹೊಟ್ಟೆಯ ಲಾಡಿಹುಳಕ್ಕೆ ಅದನ್ನ ಕೊಡ್ತಿದ್ದ ಕಾಲದಲ್ಲಿ ಬೇಕು ಅಂತಲೇ ಟ್ಯಾನಿನ್ ಜೊತೆ ಕಟ್ಟಿ ಕೊಡ್ತಿದ್ದರು. ಕರಗೋದು ಕಮ್ಮಿ, ರಕ್ತಕ್ಕೆ ಹೋಗೋದು ಕಮ್ಮಿ, ಹುಳ ಇರೋ ಕರುಳಲ್ಲೇ ಉಳಿಯುತ್ತೆ. ಜಾಣತನ ಅಲ್ವಾ? ಆದರೆ ಬೇರು ಅಗೆದು ನೀವು ಕಾಯಿಸೋಕೆ ಹೋಗಬೇಡಿ, ಅದು ವಿಷ.

ಒಂದು ತಪ್ಪು ತಿಳುವಳಿಕೆ ಇದೆ: ಕಹಿ ಇದ್ದದ್ದೆಲ್ಲಾ ಆಲ್ಕಲಾಯ್ಡ್ ಅಂತ. ಬೇವಿನ ಕಹಿ ಆಲ್ಕಲಾಯ್ಡ್ ಅಲ್ಲ. ನೆಲಬೇವಿನದೂ ಅಲ್ಲ. ಅವೆರಡೂ ಟರ್ಪೀನ್ ಮನೆತನದವು. ಹೌದು, ಮಜ್ಜಿಗೆ ಹುಲ್ಲಿನ ಘಮ ಯಾವ ಮನೆತನವೋ ಅದೇ.

ಟರ್ಪೀನ್ ಅಂದರೆ ಇಟ್ಟಿಗೆಗೆ ಐದರಂತೆ ಇಂಗಾಲ ಇರೋ ಇಟ್ಟಿಗೆಗಳನ್ನ ಜೋಡಿಸಿ ಕಟ್ಟಿದ್ದು. ಎರಡೇ ಇಟ್ಟಿಗೆ ಇದ್ದರೆ ಹಗುರ, ಹಾರಿಹೋಗುತ್ತೆ, ಮೂಗಿಗೆ ಘಮ ಅಂತ ಬರುತ್ತೆ. ಮಜ್ಜಿಗೆ ಹುಲ್ಲಿನ ಸಿಟ್ರಾಲ್, ನೀಲಗಿರಿ ಎಣ್ಣೆಯ ಸಿನಿಯೋಲ್ ಇಂಥವು. ಮೂಗು ಕಟ್ಟಿದಾಗ ಹಬೆ ತಗೊಂಡರೆ ಉಸಿರು ಸಲೀಸು ಅನ್ನಿಸೋದು ಇವುಗಳಿಂದ. ಇಟ್ಟಿಗೆ ಜಾಸ್ತಿ ಆದ ಹಾಗೆ ಭಾರ. ಬೇವಿನ ಕಹಿ ಅಂಥದ್ದು, ಎಷ್ಟು ಕುದಿಸಿದರೂ ಪಾತ್ರೆ ಬಿಟ್ಟು ಹೋಗಲ್ಲ.

ನಾನು ಮುಕ್ಕಾಲು ಗಂಟೆ ಕುದಿಸಿದಾಗ ಮನೆಯೆಲ್ಲಾ ಘಮಘಮ. ಪಕ್ಕದ ಮನೆ ಅತ್ತೆ ಬಂದು ಕೇಳಿದರು, ಏನು ಮಾಡ್ತಿದ್ದೀಯಾ ಅಂತ. ಖುಷಿಯಾಯ್ತು. ಆಮೇಲೆ ಹೊಳೀತು, ಘಮ ಅತ್ತೆ ಮನೆ ತನಕ ಹೋಗಿದೆ ಅಂದರೆ ಪಾತ್ರೆಯಲ್ಲಿ ಏನು ಉಳಿದಿರುತ್ತೆ?

ಗಿಡದ ವಸ್ತುಗಳಲ್ಲಿ ಇನ್ನೊಂದು ಗುಂಪು ಫ್ಲೇವನಾಯ್ಡ್, ಅದರ ಬಗ್ಗೆ ಜಾಸ್ತಿ ಎಳೆಯಲ್ಲ. ಈರುಳ್ಳಿ ಸಿಪ್ಪೆಯ ಹಳದಿ, ನೇರಳೆ ಹಣ್ಣಿನ ಬಣ್ಣ ಎಲ್ಲಾ ಇವೇ. ಪ್ಯಾಕೆಟ್ ಮೇಲೆ "ಆಂಟಿಆಕ್ಸಿಡೆಂಟ್" ಅಂತ ದೊಡ್ಡದಾಗಿ ಬರೆದಿರ್ತಾರೆ. ಗಾಜಿನ ನಳಿಕೆಯಲ್ಲಿ ಅದು ನಿಜ. ಮೈ ಇವನ್ನ ಹೀರಿಕೊಳ್ಳೋದೇ ಕಮ್ಮಿ, ಹೀರಿದ್ದನ್ನೂ ಕರುಳು, ಲಿವರ್ ಸೇರಿ ಬೇಗ ಬದಲಾಯಿಸಿಬಿಡ್ತವೆ. ಹಾಗಾಗಿ ಆ ಪದ ಕಂಡರೆ ನನಗೆ ಸ್ವಲ್ಪ ಅನುಮಾನ. ಕೆಲಸಕ್ಕೆ ಬರಲ್ಲ ಅಂತಲ್ಲ. ಮೂಲವ್ಯಾಧಿಗೆ ಕೊಡೋ ಒಂದು ಮಾತ್ರೆ ಫ್ಲೇವನಾಯ್ಡೇ, 450 ಮಿಲಿಗ್ರಾಂ ಡಯಾಸ್ಮಿನ್, 50 ಮಿಲಿಗ್ರಾಂ ಹೆಸ್ಪೆರಿಡಿನ್. ಒಟ್ಟು ಅರ್ಧ ಗ್ರಾಂ. ಅದರ ಪಕ್ಕದಲ್ಲಿ ಆಲ್ಕಲಾಯ್ಡ್ ಇಡಿ. ಅಟ್ರೋಪಿನ್ ಇಂಜೆಕ್ಷನ್ನಿನ ಒಂದು ಚಿಕ್ಕ ಆಂಪೂಲಲ್ಲಿ ಇರೋದು 0.6 ಮಿಲಿಗ್ರಾಂ. ಅಷ್ಟಕ್ಕೇ ಬಾಯಿ ಒಣಗಿ, ಎದೆಬಡಿತ ಏರುತ್ತೆ. ಉಮ್ಮತ್ತಿ ಕಾಯಿಯಲ್ಲಿರೋದು ಇದೇ ಅಟ್ರೋಪಿನ್ ಬಳಗ. "ಗಿಡದ್ದು ತಾನೇ, ಏನಾಗುತ್ತೆ" ಅನ್ನೋ ಮಾತನ್ನ ಆಲ್ಕಲಾಯ್ಡ್ ಇರೋ ಗಿಡದ ಮುಂದೆ ಆಡಬಾರದು. ಆಡುಸೋಗೆಗೂ ಒಂದು ಮಿತಿ ಇದೆ. ವ್ಯಾಸಿಸಿನ್ ಗರ್ಭಕೋಶವನ್ನು ಹಿಂಡುತ್ತೆ, ಬಸುರಿಯರು ಕುಡಿಯಬಾರದು. ಕೆಮ್ಮಿನ ಜೊತೆ ಜ್ವರ, ಕಫದಲ್ಲಿ ರಕ್ತ, ಉಸಿರಾಡೋಕೆ ಕಷ್ಟ ಇದ್ದರೂ ಅಷ್ಟೇ, ಸೀದಾ ಡಾಕ್ಟರ್ ಹತ್ತಿರ.

ಸರಿ, ಎರಡನೇ ಸಲ ಮಾಡ್ತಿದ್ದೀನಿ. ಈ ಸಲ ಸ್ಟೀಲ್ ಪಾತ್ರೆ. ಆಡುಸೋಗೆ ನಾಲ್ಕು ಎಲೆ ಹರಿದು ಹಾಕಿ, ಎರಡು ಲೋಟ ನೀರು ಅರ್ಧ ಲೋಟಕ್ಕೆ ಇಳಿಯೋ ತನಕ ಸಣ್ಣ ಉರಿಯಲ್ಲಿ ಬಿಟ್ಟೆ. ವ್ಯಾಸಿಸಿನ್ ಹಾರಿಹೋಗೋ ವಸ್ತು ಅಲ್ಲ, ಕುದಿತಕ್ಕೆ ತಡೆಯುತ್ತೆ. ಒಲೆ ಆರಿಸಿ, ಆಮೇಲೆ ಮಜ್ಜಿಗೆ ಹುಲ್ಲು ಕತ್ತರಿಸಿ ಹಾಕಿ ತಟ್ಟೆ ಮುಚ್ಚಿದೆ. ಹತ್ತು ನಿಮಿಷ. ತಟ್ಟೆ ಎತ್ತುವಾಗ ನೋಡಿ, ಒಳಗೆ ಹನಿ ಕಟ್ಟಿದೆ. ಇದನ್ನ ಒರೆಸಬೇಡಿ, ವಾಪಸ್ ಪಾತ್ರೆಗೇ ಬಗ್ಗಿಸಿ. ಮೂಗಿಟ್ಟು ನೋಡಿದರೆ ಗೊತ್ತಾಗುತ್ತೆ, ಆ ಹನಿಯಲ್ಲೇ ಘಮ ಜಾಸ್ತಿ. ದಾಳಿಂಬೆ ಸಿಪ್ಪೆ ನೀರು ಬೇರೆ ಲೋಟದಲ್ಲಿದೆ. ಅದು ಮುಕ್ಕಳಿಸೋಕೆ, ಅದೂ ಕಷಾಯ ಕುಡಿದು ಒಂದು ಗಂಟೆ ಆದ ಮೇಲೆ.

ಅಜ್ಜಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಈಗ ಕಹಿ ಐತೆ" ಅಂದಳು. ಪಾಸ್ ಅಂತ ಅರ್ಥ.

ಆಮೇಲೆ ಬಾಂಡ್ಲಿ ಕಡೆ ನೋಡಿದಳು. ಒಳಗೆಲ್ಲಾ ನೀಲಿಗಪ್ಪು ಕರೆ. ಸೋಪು ಹಾಕಿ ಉಜ್ಜಿದೆ, ಜಗ್ಗಲಿಲ್ಲ. ಅಜ್ಜಿ ಒಳಗಿಂದ ಒಂದು ಹಿಡಿ ಹಳೇ ಹುಣಸೆಹಣ್ಣು ತಂದು ಕೈಗಿಟ್ಟಳು. ತುಮಕೂರು ಸೀಮೆಯ ಮನೆ, ಹುಣಸೆಹಣ್ಣಿಗೇನು ಬರ. ನೆನೆಸಿ ಉಜ್ಜಿದೆ. ಹುಣಸೆಯ ಹುಳಿ ಕಬ್ಬಿಣವನ್ನು ತನ್ನ ಕಡೆ ಎಳೆದುಕೊಂಡು ಟ್ಯಾನಿನ್ನಿನ ಹಿಡಿತ ಬಿಡಿಸುತ್ತೆ. ನೋಡಿ, ಕರೆ ಎದ್ದು ಬರ್ತಾ ಇದೆ. ಇನ್ನು ಅರ್ಧ ಬಾಂಡ್ಲಿ ಬಾಕಿ ಇದೆ, ಕ್ಯಾಮೆರಾ ಆಫ್ ಮಾಡ್ತೀನಿ.